ಮಾತ್ರೆ ಚೀಟಿ ಟೈಪ್ ಮಾಡುವಾಗ ಪಾಯಿಂಟ್ ಎಲ್ಲಿ ಕಳೆದುಹೋಗುತ್ತೆ? ಹುಡುಕುವ ದಾರಿ

ಮಾತ್ರೆ ಡಬ್ಬಿಯೊಳಗೆ ಮಡಿಕೆ ಮೇಲೆ ಮಡಿಕೆ ಹಾಕಿ ತುರುಕಿರುತ್ತಾರಲ್ಲ, ಆ ತೆಳ್ಳನೆ ಚೀಟಿ, ಅದನ್ನು ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಕೊಡಿ ಅಂತ ಕೇಳುವವರು ಜಾಸ್ತಿ. ಕುವೆಂಪುನಗರದ ನಮ್ಮ ಬೀದಿಯಲ್ಲಿ ಹಿರಿಯರೇ ಹೆಚ್ಚು, ಹಾಗಾಗಿ ಈ ಕೆಲಸ ನನಗೆ ಆಗಾಗ ಬರುತ್ತದೆ. ಫೋನಿನಲ್ಲಿ ಫೋಟೊ ತೆಗೆದು, ಚಿತ್ರದಲ್ಲಿನ ಅಕ್ಷರ ಓದಿ ಟೈಪ್ ಮಾಡಿಕೊಡುವ ಓಸಿಆರ್‌ಗೆ ಕೊಟ್ಟರೆ ಮುಗಿಯಿತು ಅಂದುಕೊಳ್ಳುತ್ತೇವೆ. ಮುಗಿಯುವುದಿಲ್ಲ. ಪದ ತಪ್ಪಾದರೆ ಕಣ್ಣಿಗೆ ಬೀಳುತ್ತದೆ, ಕೆಳಗೆ ಕೆಂಪು ಗೆರೆಯೂ ಬರುತ್ತದೆ. ಸಂಖ್ಯೆ ತಪ್ಪಾದರೆ ಏನೂ ಆಗುವುದಿಲ್ಲ. 7.5 ಇದ್ದದ್ದು 75 ಆದರೂ ಅದೂ ಒಂದು ಸಂಖ್ಯೆಯೇ, ನೋಡಲು ಸರಿಯಾಗಿಯೇ ಕಾಣುತ್ತದೆ.

ಹಾಗಾಗಿ ಈ ಬರಹದಲ್ಲಿ ಒಂದೇ ದೋಷದ ಹಿಂದೆ ಬೀಳೋಣ: ಡೋಸ್ ಸಂಖ್ಯೆಯಲ್ಲಿ ಪಾಯಿಂಟ್ ಕಳೆದುಹೋಗುವುದು, ಜೊತೆಗೆ ಅದರ ದಾಯಾದಿಗಳಾದ ಅಡ್ಡಗೆರೆ ಮತ್ತು ಇಷ್ಟಕ್ಕಿಂತ ಹೆಚ್ಚು, ಇಷ್ಟಕ್ಕಿಂತ ಕಡಿಮೆ ಎಂದು ತೋರಿಸುವ ಚಿಹ್ನೆ.

ಒಂದು ಉದಾಹರಣೆ

ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ಇದೆ. ಕೀಲುವಾತಕ್ಕೆ ಕೊಡುತ್ತಾರೆ, ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಪ್ರತಿದಿನ ನುಂಗಿ ಪ್ರಾಣಕ್ಕೇ ಕುತ್ತು ತಂದುಕೊಂಡವರ ವರದಿಗಳು ಬೇಕಾದಷ್ಟು ದೇಶಗಳಿಂದ ಬಂದಿವೆ, ಹಾಗಾಗಿ ಇದರ ಚೀಟಿಯಲ್ಲಿ ಒಂದು ಚುಕ್ಕಿಗೂ ಬೆಲೆ ಇದೆ. 2.5 ಮಿ.ಗ್ರಾಂ ಮಾತ್ರೆಯ ಚೀಟಿ ಓಸಿಆರ್‌ನಿಂದ ಹೊರಬಂದಾಗ ಹೀಗಿದೆ ಎಂದುಕೊಳ್ಳಿ:

```
4.2 Posology
RA: 75 - 15 mg once weekly
Max. 20 mg/week
CrCl 260 ml/min  100%
30-59            50%
<30              must not be used
```

ಒಂದು ಸಲ ಓದಿ. ಎರಡು ತಪ್ಪಿವೆ. ಎರಡೂ ಎಷ್ಟು ಸಲೀಸಾಗಿ ಕೂತಿವೆ ನೋಡಿ.

ಮೊದಲನೆಯದನ್ನು ಲೆಕ್ಕವೇ ಹಿಡಿದುಕೊಡುತ್ತದೆ. 75ರಿಂದ 15ರವರೆಗೆ ಎಂದರೆ ಏನರ್ಥ? ಕಡಿಮೆ ಡೋಸ್ ಹೆಚ್ಚಿನ ಡೋಸ್‌ಗಿಂತ ದೊಡ್ಡದಾಗಲು ಹೇಗೆ ಸಾಧ್ಯ? ಅದರ ಕೆಳಗೇ ವಾರಕ್ಕೆ 20 ಮೀರಬಾರದು ಎಂದೂ ಇದೆ. ಮಾತ್ರೆಯೊಂದಕ್ಕೆ 2.5 ಆದರೆ 75ಕ್ಕೆ ಮೂವತ್ತು ಮಾತ್ರೆ ಬೇಕು, ಅದಂತೂ ಆಗದ ಮಾತು. ಎರಡನೆಯದು 260. ಇದು ಮೂತ್ರಪಿಂಡ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬ ಅಳತೆಯ ಸಾಲು. ಕೆಳಗಿನ ಸಾಲು 59ಕ್ಕೆ ನಿಲ್ಲುತ್ತದೆ, ಹಾಗಾದರೆ ಮೇಲಿನದು 60ರಿಂದ ಶುರುವಾಗಬೇಕಲ್ಲವೇ? 60ಕ್ಕೂ 260ಕ್ಕೂ ನಡುವೆ ಇರುವವರು ಎಲ್ಲಿಗೆ ಹೋಗಬೇಕು? ಅಲ್ಲಿದ್ದದ್ದು "60 ಅಥವಾ ಅದಕ್ಕಿಂತ ಹೆಚ್ಚು" ಎಂಬ ಚಿಹ್ನೆ, ಅದು ಓಸಿಆರ್ ಕಣ್ಣಿಗೆ 2 ಆಗಿ ಕಂಡಿದೆ. ಸಣ್ಣ ಅಕ್ಷರದಲ್ಲಿ ಈ ಚಿಹ್ನೆ 2 ಆಗುವುದು ತುಂಬಾ ಸಾಮಾನ್ಯ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸಂಖ್ಯೆ ತಪ್ಪು ಎಂದು ಲೆಕ್ಕ ಹೇಳುತ್ತದೆ ಅಷ್ಟೇ, ಸರಿ ಯಾವುದು ಎಂದು ಹೇಳುವುದಿಲ್ಲ. 75 ತಪ್ಪು ಎಂದು ಗೊತ್ತಾದ ಕೂಡಲೇ "ಓ, 7.5 ಇರಬೇಕು" ಎಂದು ಟೈಪ್ ಮಾಡಿಬಿಡಬೇಡಿ. ನಿಮ್ಮ ಊಹೆ ಸರಿಯೇ ಇರಬಹುದು, ಆದರೂ ಅದು ಊಹೆ. ಕಾಗದದಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು.

ಪಾಯಿಂಟ್ ಹೋದದ್ದು ಯಾವ ಹಂತದಲ್ಲಿ?

ಫಲಿತಾಂಶದಿಂದ ಹಿಂದಕ್ಕೆ ನಡೆಯಿರಿ. ಮೊದಲು ಮೂಲ ಫೋಟೊ ತೆರೆದು ಆ ಜಾಗವನ್ನು ಪೂರ್ತಿ ಝೂಮ್ ಮಾಡಿ. ಪಾಯಿಂಟ್ ಕಾಣುತ್ತಿದೆಯೇ? ಕಾಣುತ್ತಿದ್ದರೆ ಫೋಟೊ ಸರಿ ಇದೆ, ದೋಷ ಓಸಿಆರ್‌ನದ್ದು ಅಥವಾ ಟೈಪ್ ಮಾಡಿದ ಕೈಯದ್ದು. ಕಾಣದಿದ್ದರೆ ಕಾಗದವನ್ನೇ ಕಿಟಕಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಕಾಗದದಲ್ಲಿದೆ, ಫೋಟೊದಲ್ಲಿಲ್ಲ ಎಂದರೆ ದೋಷ ಫೋಟೊದ್ದು. ಕಾಗದದಲ್ಲೂ ಇಲ್ಲ, ಮಡಿಕೆಯಲ್ಲಿ ಮಸಿಯೇ ಎದ್ದುಹೋಗಿದೆ ಎಂದರೆ ಯಾವ ಸಾಫ್ಟ್‌ವೇರೂ ಅದನ್ನು ತಂದುಕೊಡುವುದಿಲ್ಲ, ಬೇರೆ ಚೀಟಿ ಬೇಕು.

ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಓಸಿಆರ್ ಆ್ಯಪ್ ಬದಲಾಯಿಸುತ್ತಾರೆ, ಇನ್ನೊಂದು ಹಾಕುತ್ತಾರೆ, ಮತ್ತೊಂದು ಹಾಕುತ್ತಾರೆ. ಫೋಟೊದಲ್ಲೇ ಇಲ್ಲದ ಚುಕ್ಕಿಯನ್ನು ಯಾವ ಆ್ಯಪ್ ಓದೀತು?

ಇನ್ನೊಂದು ಪರೀಕ್ಷೆ ಚೀಟಿಯಲ್ಲೇ ಇದೆ, ಅದು ನನಗೆ ತುಂಬಾ ಇಷ್ಟ. ನಮ್ಮ ದೇಶದಲ್ಲಿ ವೈದ್ಯರಿಗಾಗಿ ಅಚ್ಚಾಗುವ ಚೀಟಿಗಳಲ್ಲಿ ತಲೆಬರಹಗಳಿಗೆ ಒಂದು ಸಿದ್ಧ ಕ್ರಮ ಇದೆ. 1ರಿಂದ 12ರವರೆಗೆ ದೊಡ್ಡ ತಲೆಬರಹ, 4ರ ಕೆಳಗೆ 4.1ರಿಂದ 4.9. ಯಾವ ಕಾಯಿಲೆಗೆ ಎಂಬುದು 4.1, ಡೋಸ್ 4.2, ಯಾರಿಗೆ ಕೊಡಬಾರದು 4.3, ಎಚ್ಚರಿಕೆ 4.4, ಅಡ್ಡಪರಿಣಾಮ 4.8, ಡೋಸ್ ಮಿತಿಮೀರಿದರೆ ಏನು ಎಂಬುದು 4.9. ಈ ತಲೆಬರಹಗಳಲ್ಲೂ ಪಾಯಿಂಟ್ ಇದೆ, ಅಲ್ವಾ? ಅಲ್ಲಿ ಏನಿರಬೇಕು ಎಂದು ನಮಗೆ ಮೊದಲೇ ಗೊತ್ತು. ನಿಮ್ಮ ಪ್ರತಿಯಲ್ಲಿ 41, 42, 43 ಎಂದು ಬಂದಿದ್ದರೆ ಫೋಟೊ ಅಥವಾ ಫಿಲ್ಟರ್ ಪುಟದುದ್ದಕ್ಕೂ ಚುಕ್ಕಿಗಳನ್ನು ತಿನ್ನುತ್ತಿದೆ, ಒಂದೊಂದೇ ತಿದ್ದುತ್ತ ಕೂರಬೇಡಿ, ಇಡೀ ಫೋಟೊ ಮತ್ತೆ ತೆಗೆಯಿರಿ. ತಲೆಬರಹಗಳೆಲ್ಲ ಸರಿಯಾಗಿ ಬಂದು 75 ಮಾತ್ರ ಕೆಟ್ಟಿದ್ದರೆ ತಪ್ಪು ಆ ಜಾಗದ್ದು, ಹೆಚ್ಚಾಗಿ ಅಲ್ಲೊಂದು ಮಡಿಕೆ ಇರುತ್ತದೆ. ನಮ್ಮ ಉದಾಹರಣೆಯಲ್ಲಿ 4.2 ಸರಿಯಾಗಿಯೇ ಬಂದಿದೆ, ಹಾಗಾಗಿ ಮೊದಲ ಅನುಮಾನ ಮಡಿಕೆಯ ಮೇಲೆ. ಆದರೆ ತಲೆಬರಹ ದಪ್ಪ ಅಕ್ಷರದಲ್ಲಿರುತ್ತದೆ, ಅದರ ಚುಕ್ಕಿಯೂ ಕೊಂಚ ದಪ್ಪ. ಅದು ಉಳಿಯಿತು ಎಂದಮಾತ್ರಕ್ಕೆ ಸಣ್ಣ ಅಕ್ಷರದ ಚುಕ್ಕಿಯೂ ಉಳಿದಿದೆ ಎಂದು ನಂಬುವಂತಿಲ್ಲ.

ರೋಗಿಗಳಿಗೆಂದೇ ಬರೆದ ಚೀಟಿಗಳಲ್ಲಿ ಈ 4.1, 4.2 ಇರುವುದಿಲ್ಲ, ಅಲ್ಲಿ ಈ ಪರೀಕ್ಷೆ ನಡೆಯದು.

ಫೋಟೊದ ತಪ್ಪು

ಚೀಟಿಯ ಅಕ್ಷರ ಸಾಮಾನ್ಯವಾಗಿ 6 ಪಾಯಿಂಟ್ ಗಾತ್ರದ ಆಸುಪಾಸು. ಅಂದರೆ ದೊಡ್ಡ ಅಕ್ಷರದ ಎತ್ತರ ಸುಮಾರು ಒಂದೂವರೆ ಮಿಲಿಮೀಟರ್, ದಶಮಾಂಶದ ಚುಕ್ಕಿ ಅಂದಾಜು 0.2 ಮಿಲಿಮೀಟರ್. ಟೆಸೆರಾಕ್ಟ್‌ನಂಥ ಓಸಿಆರ್‌ಗೆ ದೊಡ್ಡ ಅಕ್ಷರ 30 ಪಿಕ್ಸೆಲ್ ಎತ್ತರ ಇದ್ದರೆ ಚೆನ್ನಾಗಿ ಓದುತ್ತದೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಪಿಕ್ಸೆಲ್‌ನಂತೆ, ಸ್ಕ್ಯಾನ್ ಮಾಡಿದರೆ ನಮ್ಮ ಅಕ್ಷರ 18 ಪಿಕ್ಸೆಲ್ ಆಗುತ್ತದೆ, ಚುಕ್ಕಿ ಎರಡು ಮೂರು ಪಿಕ್ಸೆಲ್. ಅಕ್ಷರವನ್ನು ಹೇಗೋ ಓದಿಬಿಡುತ್ತದೆ, ಚುಕ್ಕಿಯನ್ನು ಕೊಳೆ ಎಂದು ಬಿಟ್ಟುಬಿಡುತ್ತದೆ. 600 ಡಿಪಿಐ ಆದರೆ ಅಕ್ಷರ 35, ಚುಕ್ಕಿ ಐದರ ಹತ್ತಿರ. ಹಾಗಾಗಿ 600ಕ್ಕಿಂತ ಕಡಿಮೆ ಬೇಡ.

ಜೆರಾಕ್ಸ್ ಅಂಗಡಿಯಲ್ಲಿ ಸುಮ್ನೆ "ಸ್ಕ್ಯಾನ್ ಮಾಡಿ" ಎಂದರೆ ಯಂತ್ರದಲ್ಲಿ ಮೊದಲೇ ಇಟ್ಟಿರುವ 200 ಅಥವಾ 300ರಲ್ಲಿ ಮಾಡಿಕೊಡುತ್ತಾರೆ. ಸರಸ್ವತಿಪುರಂನ ಅಂಗಡಿಯೊಂದರಲ್ಲಿ ನಾನು 600 ಕೇಳಿದಾಗ ಹುಡುಗ "ಅಷ್ಟು ಇಟ್ರೆ ನಿಧಾನ ಆಗುತ್ತೆ ಸಾರ್, ಇದೇ ಕ್ಲಿಯರ್ ಆಗಿ ಬರುತ್ತೆ" ಅಂದ. ಅವನ ಮಾತು ಸುಳ್ಳಲ್ಲ, ಅರ್ಜಿ, ಅಂಕಪಟ್ಟಿಗೆ ಅಷ್ಟು ಸಾಕು. "ನಿಧಾನ ಆದ್ರೂ ಪರವಾಗಿಲ್ಲಪ್ಪ, ಕಾಯ್ತೀನಿ" ಎಂದರೆ ಮಾಡಿಕೊಡುತ್ತಾರೆ. ಇನ್ನೊಂದು ಮಾತೂ ಹೇಳಿ: ಕಾಗದವನ್ನು ಮೇಲಿನ ಫೀಡರಿಗೆ ಹಾಕುವುದು ಬೇಡ, ಗಾಜಿನ ಮೇಲಿಡಿ. ಇಷ್ಟು ತೆಳು ಕಾಗದ ಫೀಡರಿನಲ್ಲಿ ಸಿಕ್ಕಿ ಹರಿದರೆ ಕತೆ ಮುಗಿಯಿತು.

ಪಿಡಿಎಫ್ ಬಗ್ಗೆ ಒಂದು ಎಚ್ಚರ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬುವವರು ಜೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಾಯಿಸುತ್ತಿರುವುದನ್ನು ತೋರಿಸಿದರು. ಅದು ಓಸಿಆರ್ ತಪ್ಪಲ್ಲ. ಫೈಲನ್ನು ಚಿಕ್ಕದು ಮಾಡಲು ಯಂತ್ರ ಒಂದೇ ಥರ ಕಾಣುವ ಗುರುತುಗಳನ್ನು ಗುಂಪು ಮಾಡಿ ಒಂದರ ಚಿತ್ರವನ್ನೇ ಎಲ್ಲ ಕಡೆ ಅಂಟಿಸುತ್ತಿತ್ತು, ಹಾಗಾಗಿ 6 ಇದ್ದಲ್ಲಿ 8 ಬರುತ್ತಿತ್ತು. ಕಂಪನಿ ಆಮೇಲೆ ತಿದ್ದುಪಡಿ ಕೊಟ್ಟಿತು. ಈ ದೋಷದಲ್ಲಿ ಭಯ ಹುಟ್ಟಿಸುವುದು ಏನೆಂದರೆ ತಪ್ಪು ಅಂಕಿ ಮಸುಕಾಗಿರುವುದಿಲ್ಲ, ಅಚ್ಚುಕಟ್ಟಾಗಿ ಚೂಪಾಗಿಯೇ ಇರುತ್ತದೆ. ಸಣ್ಣ ಅಕ್ಷರದಲ್ಲೇ ಇದು ಜಾಸ್ತಿ ಆಗುವಂಥದ್ದು. ಆದ್ದರಿಂದ ಕುಗ್ಗಿಸಿದ ಪಿಡಿಎಫ್ ತೆಗೆದುಕೊಳ್ಳಬೇಡಿ, ಟಿಫ್ ಕೇಳಿ, ಇಲ್ಲದಿದ್ದರೆ ಹೆಚ್ಚಿನ ಗುಣಮಟ್ಟದ ಜೆಪೆಗ್ ಸಾಕು.

ಫೋನಿನಲ್ಲೇ ತೆಗೆಯುವುದಾದರೆ ಇಡೀ ಚೀಟಿಯನ್ನು ಒಂದೇ ಫೋಟೊದಲ್ಲಿ ಹಿಡಿಯಬೇಡಿ. 12 ಮೆಗಾಪಿಕ್ಸೆಲ್ ಫೋಟೊದ ಉದ್ದದ ಬದಿಯಲ್ಲಿ ಸುಮಾರು 4000 ಪಿಕ್ಸೆಲ್ ಇರುತ್ತದೆ. ಅದರಲ್ಲಿ 16 ಸೆಂಟಿಮೀಟರ್ ಕಾಗದ ಮಾತ್ರ ಬಂದರೆ ಮಿಲಿಮೀಟರಿಗೆ 25 ಪಿಕ್ಸೆಲ್ ಸಿಗುತ್ತದೆ, ಅದು 600 ಡಿಪಿಐಗೆ ಸಮ. ಚೀಟಿಯನ್ನು ತುಂಡು ತುಂಡಾಗಿ ತೆಗೆಯಿರಿ, ಪ್ರತಿ ಫೋಟೊದಲ್ಲೂ ಹಿಂದಿನದರ ನಾಲ್ಕೈದು ಸಾಲು ಮತ್ತೆ ಬರಲಿ. ಡೋಸ್ ಕೋಷ್ಟಕ ಎರಡು ಫೋಟೊ ನಡುವೆ ಹರಿದುಹೋಗದಂತೆ ನೋಡಿಕೊಳ್ಳಿ.

ಸ್ಕ್ಯಾನರ್ ಆ್ಯಪ್‌ಗಳ ಕಪ್ಪು-ಬಿಳುಪು ಫಿಲ್ಟರ್ ಹಾಕಲೇಬೇಡಿ. ಅದರ ಕೆಲಸವೇ ಬಿಳಿ ಜಾಗದ ಸಣ್ಣ ಕಲೆಗಳನ್ನು ಅಳಿಸುವುದು, ದಶಮಾಂಶದ ಚುಕ್ಕಿ ಅದಕ್ಕೆ ಕಲೆಯೇ. 41, 42 ಎಂಬ ತಲೆಬರಹ ಕಂಡಾಗ ನಾನು ಮೊದಲು ನೋಡುವುದು ಈ ಫಿಲ್ಟರನ್ನು. ವಾಟ್ಸಾಪಿನಲ್ಲಿ ಯಾರಾದರೂ ಫೋಟೊ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಫೋಟೊ ಆಗಿ ಕಳಿಸಿದರೆ ಕುಗ್ಗಿಬಿಡುತ್ತದೆ.

ಮಡಿಕೆ ಮತ್ತು ಹಿಂಬದಿಯ ಅಚ್ಚು

ಮಡಿಕೆಗೆ ಅಡ್ಡಲಾಗಿ ಬೆಳಕು ಬಿದ್ದರೆ ಒಂದು ಬದಿಯಲ್ಲಿ ಕಪ್ಪು ನೆರಳು ನಿಲ್ಲುತ್ತದೆ, ಆ ನೆರಳಿನಲ್ಲಿ ಪಾಯಿಂಟ್ ಮುಳುಗಿಹೋಗುತ್ತದೆ. ಮಡಿಕೆಯ ಉದ್ದಕ್ಕೇ ಬೆಳಕು ಹರಿದರೆ ನೆರಳು ಬೀಳುವುದಿಲ್ಲ. ಚೀಟಿಗೆ ಉದ್ದುದ್ದ, ಅಡ್ಡಡ್ಡ ಎರಡೂ ಮಡಿಕೆ ಇರುವುದರಿಂದ ಒಂದೇ ಫೋಟೊ ಸಾಲದು. ಒಂದು ತೆಗೆದು, ಕಾಗದವನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ತೆಗೆಯಿರಿ. ಮೊದಲೇ ಚೀಟಿಯನ್ನು ಉಲ್ಟಾ ಮಡಿಸಿ, ದಪ್ಪ ಪುಸ್ತಕದ ಕೆಳಗೆ ಒಂದು ರಾತ್ರಿ ಇಟ್ಟರೆ ಅರ್ಧ ಕೆಲಸ ಆದಂತೆ. ಆದರೆ ಮಡಿಕೆ ಗೆರೆಯನ್ನು ಉಗುರಿನಿಂದ ಉಜ್ಜಬೇಡಿ, ಮಸಿ ಏಳುವುದೇ ಹಾಗೆ.

ಕಾಗದ ತೆಳು, ಎರಡೂ ಬದಿ ಅಚ್ಚು. ಹಿಂದಿನ ಅಕ್ಷರ ಮುಂದೆ ಮಸುಕಾಗಿ ತೋರುತ್ತದೆ, ಅಲ್ಲಿನ ಒಂದು ಚುಕ್ಕೆ ಇಲ್ಲಿಯ 15ರ ನಡುವೆ ಬಂದು 1.5 ಆಗಬಹುದು. ಪಾಯಿಂಟ್ ಕಳೆದುಹೋಗುವುದಷ್ಟೇ ಅಲ್ಲ, ಇಲ್ಲದ ಪಾಯಿಂಟ್ ಹುಟ್ಟುವುದೂ ಉಂಟು. ಇದಕ್ಕೆ ಉಪಾಯ ಸುಲಭ: ಚೀಟಿಯ ಕೆಳಗೆ ಕಪ್ಪು ಚಾರ್ಟ್ ಕಾಗದ ಇಡಿ. ಕೆಳಗೆ ಬಿಳಿ ಇದ್ದರೆ ಬೆಳಕು ಅದಕ್ಕೆ ತಾಗಿ ಹಿಂದಿನ ಅಚ್ಚನ್ನು ಎತ್ತಿ ತೋರಿಸುತ್ತದೆ, ಕಪ್ಪು ಆ ಬೆಳಕನ್ನು ನುಂಗಿಕೊಳ್ಳುತ್ತದೆ. ಪುಟ ಕೊಂಚ ಬೂದು ಬಣ್ಣಕ್ಕೆ ಬರುತ್ತದೆ, ಬರಲಿ ಬಿಡಿ.

ಓಸಿಆರ್‌ನ ತಪ್ಪು

ಚೀಟಿಯಲ್ಲಿ ಎರಡು ಮೂರು ಕಾಲಂ ಒತ್ತೊತ್ತಾಗಿರುತ್ತವೆ. ಇಡೀ ಪುಟವನ್ನು ಒಟ್ಟಿಗೆ ಕೊಟ್ಟರೆ ಓಸಿಆರ್ ಕೆಲವು ಕಡೆ ಎಡದ ಕಾಲಂನಿಂದ ಸೀದಾ ಬಲದ ಕಾಲಂಗೆ ಹಾರುತ್ತದೆ. ಆಗ ಡೋಸ್ ಸಾಲಿನ ಕೊನೆಯ "ವಾರಕ್ಕೊಮ್ಮೆ" ಎಲ್ಲೋ ಹೋಗಿ, ಪಕ್ಕದ ಕಾಲಂನ "ಪ್ರತಿದಿನ" ಇಲ್ಲಿ ಬಂದು ಕೂರುತ್ತದೆ. ಸಂಖ್ಯೆ ಸರಿ, ಡೋಸ್ ತಪ್ಪು. ಮೆಥೊಟ್ರೆಕ್ಸೇಟ್ ಚೀಟಿಯಲ್ಲಿ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಹಾಗಾಗಿ ಪ್ರತಿ ಕಾಲಂ ಅನ್ನು ಬೇರೆಬೇರೆಯಾಗಿ ಕತ್ತರಿಸಿ, ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಒಂದೊಂದನ್ನೇ ಓದಿಸಿ:

```
tesseract col1.png col1 -l eng --psm 6
```

`--psm 6` ಎಂದರೆ ಇದು ಒಂದೇ ತುಂಡು ಬರಹ, ಕಾಲಂ ಹುಡುಕಬೇಡ ಎಂದು ಹೇಳಿದಂತೆ. ಭಾಷೆಗೆ `eng` ಮಾತ್ರ ಕೊಡಿ. ಚೀಟಿ ಇಂಗ್ಲಿಷಿನಲ್ಲಿದ್ದಾಗ ಕನ್ನಡವನ್ನೂ ಸೇರಿಸಿದರೆ ಕೆಲವೊಮ್ಮೆ ಸೊನ್ನೆ ಕನ್ನಡದ ಸೊನ್ನೆಯಾಗಿ ಬಂದು ಆಮೇಲೆ ಹುಡುಕುವಾಗ ಕೈಗೆ ಸಿಗುವುದಿಲ್ಲ.

ತಲೆಬರಹಗಳಿಗೂ ಕಾಲಂ ಕತ್ತರಿಸುವುದೇ ಮದ್ದು. ಜಾಗ ಉಳಿಸಲು ತಲೆಬರಹವನ್ನು ಪ್ಯಾರಾದ ಮೊದಲ ಸಾಲಿನಲ್ಲೇ ಸೇರಿಸಿರುತ್ತಾರೆ, ಓಸಿಆರ್‌ಗೆ ಅದು ತಲೆಬರಹ ಎಂದು ಗೊತ್ತಾಗುವುದಿಲ್ಲ. 4.3ರ ತಲೆಬರಹ ಕರಗಿಹೋದರೆ ಕೊಡಬಾರದವರ ಪಟ್ಟಿ 4.2ರ ಡೋಸ್ ಕೆಳಗೆ ಬಂದು, ಓದುವವರಿಗೆ "ಇಂಥವರಿಗೆ ಈ ಡೋಸ್" ಎಂಬಂತೆ ಕಾಣುತ್ತದೆ. ಟೈಪ್ ಶುರು ಮಾಡುವ ಮೊದಲೇ ಚೀಟಿ ನೋಡಿ ತಲೆಬರಹಗಳನ್ನು ಮಾತ್ರ ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಆಮೇಲೆ ಫೈಲಿನಲ್ಲಿ ಅಷ್ಟೂ ಇವೆಯೇ ಎಂದು ಗುರುತು ಹಾಕುತ್ತ ಹೋಗಿ.

ಪಾಯಿಂಟಿನ ದಾಯಾದಿಗಳ ವಿಷಯ ಚುಟುಕಾಗಿ: 10ರಿಂದ 15 ಎಂಬಲ್ಲಿನ ಅಡ್ಡಗೆರೆ ಮಡಿಕೆಗೆ ಬಿದ್ದರೆ 1015 ಆಗುತ್ತದೆ. ಮೈಕ್ರೋಗ್ರಾಂನ ಗ್ರೀಕ್ ಅಕ್ಷರ `u` ಅಥವಾ `p` ಆಗಿ ಬರುತ್ತದೆ, `50 pg` ಎಂದು ಕಂಡರೆ ನಿಲ್ಲಿ.

ಸಂಖ್ಯೆಗಳನ್ನು ಬೇರೆ ಮಾಡಿ ಹೋಲಿಸುವುದು

ಕಣ್ಣಾಡಿಸಿ ಓದಿ ನೋಡುವುದು ಸಾಲದು, ಗೊತ್ತಿರುವ ವಾಕ್ಯದಲ್ಲಿ ಕಣ್ಣು ತಾನೇ ತುಂಬಿಕೊಂಡು ಹೋಗುತ್ತದೆ. ಎರಡು ಬೇರೆ ಬೇರೆ ಪ್ರತಿ ಮಾಡಿ. ಒಂದು ಓಸಿಆರ್‌ನದ್ದು, ಇನ್ನೊಂದು ಕಾಗದ ನೋಡಿ ಕೈಯಲ್ಲೇ ಟೈಪ್ ಮಾಡಿದ್ದು, ಬರೀ 4.2 ಭಾಗದ್ದಾದರೂ ಸಾಕು. ಮೊದಲನೆಯದು `a.txt`, ಎರಡನೆಯದು `b.txt`, ಎರಡರಲ್ಲೂ ಅಷ್ಟೇ ಭಾಗ ಇರಲಿ. ಆಮೇಲೆ ಎರಡರಿಂದಲೂ ಸಂಖ್ಯೆಗಳನ್ನಷ್ಟೇ ಎತ್ತಿ ಹೋಲಿಸಿ:

```
grep -oE '[0-9]*\.?[0-9]+' a.txt > a.num
grep -oE '[0-9]*\.?[0-9]+' b.txt > b.num
diff a.num b.num
```

ವ್ಯತ್ಯಾಸ ಬಂದ ಸಾಲುಗಳನ್ನು ಮಾತ್ರ ಕಾಗದದಲ್ಲಿ ನೋಡಿದರಾಯಿತು. ನಮ್ಮ ಉದಾಹರಣೆಯಲ್ಲಿ 75ರ ಎದುರು 7.5, 260ರ ಎದುರು 60 ಬರುತ್ತದೆ. ಎರಡನೇ ಪ್ರತಿಯನ್ನೂ ಅದೇ ಫೋಟೊ ನೋಡಿ ಮಾಡಿದರೆ ಈ ಹೋಲಿಕೆಗೆ ಅರ್ಥವಿಲ್ಲ. ಇಬ್ಬರಿಗೂ ಒಂದೇ ಮಡಿಕೆ ಅಡ್ಡ ಬಂದಿರುತ್ತದೆ, ಇಬ್ಬರೂ 75 ಎಂದೇ ಹೇಳುತ್ತಾರೆ. ಇದು ಮಿ.ಗ್ರಾಂ, ವಾರ, ದಿನ, "ಬೇಡ" ಎಂಬ ಪದಗಳನ್ನೂ ನೋಡುವುದಿಲ್ಲ. ಅದಕ್ಕೆ ಇನ್ನೊಬ್ಬರು ಬೇಕು: ಒಬ್ಬರು ಕಾಗದದಿಂದ ಗಟ್ಟಿಯಾಗಿ ಓದುವುದು, "ಏಳು ಪಾಯಿಂಟ್ ಐದು, ಅಡ್ಡಗೆರೆ, ಹದಿನೈದು ಮಿಲಿಗ್ರಾಂ, ವಾರಕ್ಕೊಮ್ಮೆ" ಅಂತ, ಇನ್ನೊಬ್ಬರು ಫೈಲಿನಲ್ಲಿ ಬೆರಳಿಟ್ಟು ನೋಡುವುದು.

ಟೈಪ್ ಮಾಡುವಾಗ ಸುಧಾರಣೆ ಬೇಡ. ಚೀಟಿಯಲ್ಲಿ 5 ಇದ್ದರೆ 5.0 ಮಾಡಬೇಡಿ, ಆ ಪಾಯಿಂಟ್ ಮುಂದೆ ಯಾರದೋ ಜೆರಾಕ್ಸಿನಲ್ಲಿ ಅಳಿಸಿದರೆ 50 ಆಗುತ್ತದೆ. ಸೊನ್ನೆಯಿಲ್ಲದೆ .5 ಎಂದು ಅಚ್ಚಾಗಿದ್ದರೆ ಹಾಗೇ ಬಿಟ್ಟು ಪಕ್ಕದಲ್ಲಿ ಟಿಪ್ಪಣಿ ಹಾಕಿ. ಮೈಕ್ರೋಗ್ರಾಂ ಅನ್ನು ಮಿಲಿಗ್ರಾಂಗೆ ತಿರುಗಿಸುವುದೂ ಬೇಡ.

ಕಾಗದದಲ್ಲೇ ಇಲ್ಲದಿದ್ದರೆ

ಮಸಿಯೇ ಎದ್ದುಹೋಗಿದ್ದರೆ ಅದೇ ಚೀಟಿಯ ಬೇರೆ ಭಾಗದಲ್ಲಿ ಅದೇ ಡೋಸ್ ಇದೆಯೇ ನೋಡಿ, ರೋಗಿಗೆ ಹೇಳಬೇಕಾದ ವಿಷಯಗಳ 9ನೇ ತಲೆಬರಹದಲ್ಲಿ ಮತ್ತೆ ಬಂದಿರುತ್ತದೆ ಕೆಲವೊಮ್ಮೆ. ಸಿಗದಿದ್ದರೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ. ಹತ್ತು ಸ್ಟ್ರಿಪ್ ಇರುವ ಡಬ್ಬಿಗೆ ಒಂದೇ ಚೀಟಿ ಬರುವುದುಂಟು, ಗಿರಾಕಿಗೆ ಸ್ಟ್ರಿಪ್ ಮಾತ್ರ ಕೊಡುತ್ತಾರೆ, ಚೀಟಿ ಡಬ್ಬಿಯಲ್ಲೇ ಉಳಿದಿರುತ್ತದೆ. ಆದರೆ ಅದೇ ಕಂಪನಿ, ಅದೇ ಶಕ್ತಿಯ ಮಾತ್ರೆ, ಕೊನೆಯಲ್ಲಿರುವ ಪರಿಷ್ಕರಣೆಯ ತಾರೀಖೂ ಅದೇ ಆಗಿರಬೇಕು. ಬೇರೆ ಕಂಪನಿಯ ಚೀಟಿಯಿಂದ ಸಂಖ್ಯೆ ಎರವಲು ತರಬೇಡಿ, ಔಷಧಿ ಒಂದೇ ಆದರೂ.

ಅದೂ ಸಿಗಲಿಲ್ಲವೇ? ಹಾಗಾದರೆ ಫೈಲಿನಲ್ಲಿ ಹೀಗೇ ಬಿಡಿ:

```
RA: 7[?]5 - 15 mg once weekly
```

ಕೆಳಗೆ "ಮಡಿಕೆಯಲ್ಲಿ ಅಳಿಸಿದೆ" ಎಂದು ಬರೆಯಿರಿ. ಆ ಸಾಲನ್ನು ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗೋ ಡಾಕ್ಟರಿಗೋ ತೋರಿಸಲು ಮನೆಯವರಿಗೆ ಹೇಳಿ. ಎಷ್ಟು ನುಂಗಬೇಕು ಎಂಬುದಕ್ಕೆ ಡಾಕ್ಟರ್ ಬರೆದ ಚೀಟಿಯೇ ಕೊನೆ ಮಾತು, ನಾವು ಟೈಪ್ ಮಾಡಿದ್ದಲ್ಲ, ಇದನ್ನು ನಾನು ಪ್ರತಿ ಫೈಲಿನ ತಲೆಯಲ್ಲೇ ದಪ್ಪ ಅಕ್ಷರದಲ್ಲಿ ಹಾಕುತ್ತೇನೆ. ಜೊತೆಗೆ ಕಂಪನಿ ಹೆಸರು, ಮಾತ್ರೆಯ ಶಕ್ತಿ, ಪರಿಷ್ಕರಣೆಯ ತಾರೀಖು. ಮುಂದಿನ ಸಲ ಹೊಸ ಡಬ್ಬಿ ತಂದಾಗ ಆ ತಾರೀಖು ಬೇರೆಯಾಗಿದ್ದರೆ ಹಳೆಯ ಫೈಲ್ ತೆಗೆದಿಟ್ಟು, 4.2ರಿಂದ ಮತ್ತೆ ಶುರು ಮಾಡಬೇಕು.